ಬೈತಲೆ ಅಗಲವಾಗುತ್ತಿದೆಯೇ? ಮುಟ್ಟು ನಿಲ್ಲುವ ವಯಸ್ಸಿನವರಿಗೆ, ಒಂದೊಂದೇ ಹೆಜ್ಜೆ

ವಿರಾಜಪೇಟೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ವಾರಕ್ಕೆ ಒಬ್ಬರಾದರೂ ಹೆಂಗಸರು ಬಂದು, ಪಕ್ಕದಲ್ಲಿ ಗಂಡಸರು ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಕೌಂಟರ್ ಮೇಲೆ ತಲೆ ಬಗ್ಗಿಸಿ ಬೈತಲೆ ತೋರಿಸುತ್ತಾರೆ. "ನೋಡಮ್ಮಾ, ಮೊದಲು ದಾರದಷ್ಟಿತ್ತು, ಈಗ ರಸ್ತೆ ಆಗಿದೆ." ವಯಸ್ಸು ಹೆಚ್ಚಾಗಿ 45ರಿಂದ 55. ಕೈಯಲ್ಲಿ ಬಯೋಟಿನ್ ಡಬ್ಬಿ, ಮನೆಯಲ್ಲಿ ಮೂರು ತರಹದ ಎಣ್ಣೆ, ಖರ್ಚಾಗಿರುವುದು ಸಾವಿರಾರು ರೂಪಾಯಿ. ಎಲ್ಲರಿಗೂ ಹೇಳುವುದು ಒಂದೇ ಆಗಿರುವುದರಿಂದ ಬರೆದೇ ಬಿಡುತ್ತಿದ್ದೇನೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದೇ ಇಲ್ಲಿ ಮುಖ್ಯ. ಔಷಧಿ ಬರೆದು ಕೊಡುವ ಕೆಲಸ ಚರ್ಮರೋಗ ವೈದ್ಯರದ್ದು, ನನ್ನದಲ್ಲ. ಆದರೆ ಅವರ ಹತ್ತಿರ ಹೋಗುವ ಮುಂಚೆ ಮತ್ತು ಹೋಗಿ ಬಂದ ಮೇಲೆ ನೀವು ಎಡವುವುದು ಎಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತು.

ಮೊದಲು, ಒಳಗೆ ಏನಾಗುತ್ತಿದೆ

ತಲೆಯ ಪ್ರತಿ ಕೂದಲೂ ಕೆಲವು ವರ್ಷ ಬೆಳೆಯುತ್ತದೆ, ಮೂರು ತಿಂಗಳಷ್ಟು ಸುಮ್ಮನಿರುತ್ತದೆ, ಉದುರುತ್ತದೆ. ಅದೇ ಬುಡದಿಂದ ಹೊಸದು ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಲೆಕ್ಕಕ್ಕೇ ಇಲ್ಲ. ಬೆಳೆಯುವ ಕಾಲವನ್ನು ಉದ್ದ ಇಡುವುದರಲ್ಲಿ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಿನ ಕೈವಾಡ ಇದೆ. ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಅದು ಏರಿಳಿದು ಕೊನೆಗೆ ಕುಸಿಯುತ್ತದೆ. ಹೆಂಗಸರ ದೇಹದಲ್ಲೂ ಸ್ವಲ್ಪ ಇರುವ ಗಂಡು ಹಾರ್ಮೋನು ಅಷ್ಟು ಬೇಗ ಕುಸಿಯುವುದಿಲ್ಲ. ವಂಶದಲ್ಲಿ ಆ ಗುಣ ಇದ್ದವರಿಗೆ, ಅಮ್ಮನ ಕಡೆಯಿಂದಲೋ ಅಪ್ಪನ ಕಡೆಯಿಂದಲೋ, ನೆತ್ತಿಯ ಬುಡಗಳು ಕುಗ್ಗತೊಡಗುತ್ತವೆ. ಉದುರಿದ ಕೂದಲಿನ ಜಾಗದಲ್ಲಿ ಬರುವ ಹೊಸದು ಹಿಂದಿನದಕ್ಕಿಂತ ತೆಳು, ಗಿಡ್ಡ. ಹಗ್ಗ ಹೋಗಿ ದಾರ, ದಾರ ಹೋಗಿ ನೂಲು. ಬೈತಲೆ ಅಗಲ ಕಾಣುವುದು ಹೀಗೆ.

ಇಲ್ಲೊಂದು ತಪ್ಪು ತಿಳಿವಳಿಕೆ. "ಹಾರ್ಮೋನು ಜಾಸ್ತಿ ಆಗಿದೆ, ಟೆಸ್ಟ್ ಮಾಡಿಸಬೇಕು" ಅಂತ ತುಂಬಾ ಜನ ಬರುತ್ತಾರೆ. ಇಂಥ ಬಹುಪಾಲು ಹೆಂಗಸರಲ್ಲಿ ರಕ್ತದ ಗಂಡು ಹಾರ್ಮೋನಿನ ಮಟ್ಟ ಸರಿಯಾಗಿಯೇ ಇರುತ್ತದೆ. ಬುಡಗಳು ಅದಕ್ಕೆ ಸೂಕ್ಷ್ಮವಾಗಿರುತ್ತವೆ, ಅಷ್ಟೇ. ಆ ದುಬಾರಿ ಪರೀಕ್ಷೆ ಎಲ್ಲರಿಗೂ ಬೇಡ. ಗಲ್ಲದಲ್ಲಿ ದಪ್ಪ ಕೂದಲು ಬರುತ್ತಿದ್ದರೆ, ಧ್ವನಿ ಒಡೆಯುತ್ತಿದ್ದರೆ, ಕೆಲವೇ ತಿಂಗಳಲ್ಲಿ ತಲೆ ಬರಿದಾಗುತ್ತಿದ್ದರೆ ಬೇಕು, ಅದೂ ತಡ ಮಾಡದೆ.

ಹಂತ 1: ಉದುರುತ್ತಿದೆಯೋ, ತೆಳ್ಳಗಾಗುತ್ತಿದೆಯೋ ನೋಡಿ

ಎರಡೂ ಬೇರೆ ಬೇರೆ. ಎರಡಕ್ಕೂ ದಾರಿ ಬೇರೆ.

ಬಾಚಣಿಗೆಯ ಬಾಲದಿಂದ ಮುಂದಿನ ಬೈತಲೆ ತೆಗೆಯಿರಿ. ಆಮೇಲೆ ತಲೆಯ ಹಿಂಭಾಗದಲ್ಲಿ, ಕಿವಿಗಳ ಮಟ್ಟದಲ್ಲಿ, ಅಂಥದ್ದೇ ಒಂದು ಬೈತಲೆ ತೆಗೆಸಿ ಮಗಳ ಕೈಲೋ ನಾದಿನಿ ಕೈಲೋ ಫೋಟೋ ಹೊಡೆಸಿ. ಹಿಂದೆ ಸಣ್ಣ ಗೆರೆ, ಮುಂದೆ ಅಗಲ ಪಟ್ಟಿ, ಆದರೆ ಹಣೆಯಂಚಿನ ಕೂದಲು ಇದ್ದಲ್ಲೇ ಇದೆ ಅಂತಾದರೆ ಅದು ಹೆಚ್ಚಾಗಿ ನಾನು ಮೇಲೆ ಹೇಳಿದ್ದು. ವೈದ್ಯರು ಇದನ್ನು ಫೀಮೇಲ್ ಪ್ಯಾಟರ್ನ್ ಹೇರ್ ಲಾಸ್ ಅನ್ನುತ್ತಾರೆ, ಅಂದರೆ ಹೆಂಗಸರಲ್ಲಿ ಒಂದು ನಿರ್ದಿಷ್ಟ ಮಾದರಿಯಲ್ಲಿ ಕೂದಲು ತೆಳುವಾಗುವುದು. ಪಟ್ಟಿ ಹಣೆಯ ಹತ್ತಿರ ಅಗಲವಾಗಿ ನೆತ್ತಿಯ ಕಡೆ ಕಿರಿದಾಗುತ್ತಾ ಹೋಗುವುದೂ ಇದರ ಗುರುತು.

ಮುಂದೂ ಹಿಂದೂ ಒಂದೇ ಸಮ ಕಮ್ಮಿಯಾಗಿದ್ದು, ಸ್ನಾನದ ಮನೆಯ ಜಾಲರಿಯಲ್ಲಿ ಮುಷ್ಟಿ ಮುಷ್ಟಿ ಕೂದಲು ಸಿಗುತ್ತಿದ್ದರೆ ಎರಡು-ಮೂರು ತಿಂಗಳ ಹಿಂದಕ್ಕೆ ಯೋಚಿಸಿ. ಜೋರು ಜ್ವರ, ಡೆಂಗಿ, ಆಪರೇಷನ್, ಮನೆಯಲ್ಲಿ ಸಾವು, ಊಟ ಬಿಟ್ಟು ತೂಕ ಇಳಿಸಿದ್ದು, ಯಾವುದಾದರೂ ಇತ್ತಾ? ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತ ಹೆಸರು. ದೇಹಕ್ಕೆ ಬಿದ್ದ ಪೆಟ್ಟಿಗೆ ಒಂದಿಷ್ಟು ಕೂದಲು ಒಟ್ಟಿಗೆ ರಜೆ ಹಾಕಿ ಹೋಗುವುದು. ಕಾರಣ ಸರಿದ ಮೇಲೆ ಬಹುತೇಕ ತಾನೇ ನಿಲ್ಲುತ್ತದೆ. ಜುಲೈ ಮಳೆಯಲ್ಲಿ ಜ್ವರ ಬಂದವರಿಗೆ ಕೂದಲು ಕೈಗೆ ಬರುವುದು ಕಾವೇರಿ ಸಂಕ್ರಮಣದ ಹೊತ್ತಿಗೆ. ಆಗ ಜ್ವರದ ನೆನಪು ಯಾರಿಗೂ ಇರುವುದಿಲ್ಲ, ಬೈಗುಳವೆಲ್ಲ ಶಾಂಪೂಗೆ.

ಮೂರನೆಯದು ಅಪರೂಪ, ಆದರೆ ಕಾಯಬಾರದ್ದು. ಹಣೆಯಂಚೇ ಹಿಂದಕ್ಕೆ ಸರಿಯುತ್ತಿದ್ದು, ಹುಬ್ಬಿನ ಕೂದಲೂ ಉದುರುತ್ತಿದ್ದು, ಅಂಚಿನ ಚರ್ಮ ನುಣುಪಾಗಿ ಬಿಳಿಚಿಕೊಂಡಿದ್ದರೆ, ತುರಿಕೆ ಅಥವಾ ಉರಿ ಇದ್ದರೆ, ಈ ಲೇಖನವನ್ನು ಇಲ್ಲಿಗೇ ಬಿಟ್ಟು ಚರ್ಮರೋಗ ವೈದ್ಯರ ಹತ್ತಿರ ಹೋಗಿ. ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಶಿಯ ಅನ್ನುವ ಈ ತೊಂದರೆ ಹೆಚ್ಚು ಕಾಣುವುದು ಮುಟ್ಟು ನಿಂತವರಲ್ಲೇ. ಇದರಲ್ಲಿ ಬುಡ ಕಲೆಗಟ್ಟಿ ಮುಚ್ಚಿಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಮಾತ್ರ ಉಳಿಸಿಕೊಳ್ಳಬಹುದು.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ನಾಪೋಕ್ಲು ಕಡೆಯ ಒಬ್ಬ ಅಕ್ಕ, ವಯಸ್ಸು 51. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಎರಡು ವರ್ಷದಿಂದ ಬೈತಲೆ ಅಗಲವಾಗುತ್ತಿತ್ತು. ಆ ವರ್ಷ ಮಳೆಗಾಲದಲ್ಲಿ ಒಂದು ವಾರ ಜ್ವರ. ಅಕ್ಟೋಬರಿನಲ್ಲಿ ಮುಷ್ಟಿಗಟ್ಟಲೆ ಉದುರಲು ಶುರು. ಮುಟ್ಟು ಎರಡು ತಿಂಗಳಿಗೊಮ್ಮೆ, ಬಂದಾಗ ವಿಪರೀತ. ಅಂದರೆ ಅವರಿಗೆ ಎರಡೂ ಒಟ್ಟಿಗೆ ಇತ್ತು, ತೆಳ್ಳಗಾಗುವುದೂ ಉದುರುವುದೂ. ಈ ವಯಸ್ಸಿನಲ್ಲಿ ಇದು ತುಂಬಾ ಸಾಮಾನ್ಯ.

ಹಂತ 2: ನಾಲ್ಕು ರಕ್ತಪರೀಕ್ಷೆ ಸಾಕು

ಸಿಬಿಸಿ, ಅಂದರೆ ಹಿಮೋಗ್ಲೋಬಿನ್ ಇತ್ಯಾದಿ ತಿಳಿಸುವ ಪರೀಕ್ಷೆ. ಫೆರಿಟಿನ್, ಅಂದರೆ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಥೈರಾಯ್ಡಿಗೆ ಟಿಎಸ್‌ಎಚ್. ಬೇಕಿದ್ದರೆ ವಿಟಮಿನ್ ಡಿ, ಯಾಕೆಂದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲಿನ ಮುಖ ನೋಡುವುದೇ ಅಪರೂಪ. ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವವರು ಚರ್ಮರೋಗ ವಿಭಾಗದಲ್ಲಿ ಕೇಳಿ ಅಲ್ಲೇ ಬರೆಸಿಕೊಳ್ಳಿ.

ಫೆರಿಟಿನ್ ರಿಪೋರ್ಟ್ ಓದುವುದರಲ್ಲಿ ಒಂದು ಎಡವಟ್ಟಿದೆ. ಎಷ್ಟೋ ಲ್ಯಾಬುಗಳ ಪಟ್ಟಿಯಲ್ಲಿ 15 ಬಂದರೂ "ನಾರ್ಮಲ್" ಅಂತಲೇ ಇರುತ್ತದೆ. ಕೂದಲಿನ ವಿಷಯ ಬಂದಾಗ ಅನೇಕ ಚರ್ಮರೋಗ ವೈದ್ಯರು ಅದು 40ರ ಮೇಲಿರಲಿ ಅನ್ನುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳು ಸುಳ್ಳೇ ಏರುತ್ತದೆ, ಹಾಗಾಗಿ ಮೈ ಸರಿಯಿದ್ದಾಗ ಕೊಡಿ.

ಇನ್ನೊಂದು ಬಯೋಟಿನ್. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಇದು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಕೆಲವು ಬಗೆಯ ಲ್ಯಾಬ್ ಪರೀಕ್ಷೆಗಳಲ್ಲಿ ಇದು ಥೈರಾಯ್ಡ್ ಲೆಕ್ಕವನ್ನೇ ತಪ್ಪಿಸುತ್ತದೆ, ಚೆನ್ನಾಗಿರುವ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅನ್ನುವ ಹಾಗೆ ತೋರಿಸುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು-ಮೂರು ದಿನ ಮುಂಚೆ ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದೆ ಅಂತ ವೈದ್ಯರಿಗೂ ಹೇಳಿ. ನಿಜ ಹೇಳಬೇಕೆಂದರೆ ಬಯೋಟಿನ್ ಕೊರತೆ ತೀರಾ ಅಪರೂಪ. ಮಾರಿ ಲಾಭ ಮಾಡಿಕೊಳ್ಳುವ ನಾನೇ ಹೇಳುತ್ತಿದ್ದೇನೆ, ಆ ದುಡ್ಡು ಉಳಿಸಿ.

ನಾಪೋಕ್ಲು ಅಕ್ಕನ ಫೆರಿಟಿನ್ 14, ಹಿಮೋಗ್ಲೋಬಿನ್ 11.2, ಥೈರಾಯ್ಡ್ ಸರಿ ಇತ್ತು. ತಿಂಗಳುಗಟ್ಟಲೆ ಹೋದ ರಕ್ತದ ಜೊತೆ ಕಬ್ಬಿಣವೂ ಹೋಗಿತ್ತು. ವೈದ್ಯರು ಕಬ್ಬಿಣದ ಮಾತ್ರೆ ಬರೆದರು, ಸ್ತ್ರೀರೋಗ ತಜ್ಞರಲ್ಲಿ ಸ್ಕ್ಯಾನ್ ಮಾಡಿಸಲು ಕಳಿಸಿದರು. ಈ ಎರಡನೆಯದನ್ನು ಬಿಡಬೇಡಿ. 45 ದಾಟಿದ ಮೇಲೆ ಮುಟ್ಟಿನಲ್ಲಿ ವಿಪರೀತ ರಕ್ತ ಹೋದರೆ "ನಿಲ್ಲುವ ಟೈಮು, ಹಾಗೇ" ಅಂತ ಸುಮ್ನಿರಬಾರದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.

ಮೂರು ತಿಂಗಳಾದರೂ ಅಕ್ಕನ ಫೆರಿಟಿನ್ 17ಕ್ಕೆ ಮಾತ್ರ ಏರಿತ್ತು. ಮಾತ್ರೆ ಯಾವಾಗ ತಗೋತೀರಿ ಅಂತ ಕೇಳಿದೆ. "ಬೆಳಿಗ್ಗೆ ಕಾಫಿ ಜೊತೆ." ನಮ್ಮ ಜಿಲ್ಲೆಯಲ್ಲಿ ಇನ್ನೇನು ಉತ್ತರ ಬರಬೇಕು! ಕಾಫಿ, ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಹಾಗೇ. ಕಾಫಿಗೂ ಮಾತ್ರೆಗೂ ನಡುವೆ ಎರಡು ಗಂಟೆ ಬಿಡಿ, ನೀರಿನ ಜೊತೆಯೋ ನಿಂಬೆ ಶರಬತ್ತಿನ ಜೊತೆಯೋ ನುಂಗಿ. ಥೈರಾಯ್ಡ್ ಮಾತ್ರೆಯವರೂ ಕೇಳಿಸಿಕೊಳ್ಳಿ, ಅದನ್ನು ಖಾಲಿ ಹೊಟ್ಟೆಗೆ ನೀರಲ್ಲಿ ನುಂಗಿ, ಕಾಫಿ ಅರ್ಧ-ಮುಕ್ಕಾಲು ಗಂಟೆ ಕಾಯಲಿ.

ಹಂತ 3: ಅಳತೆಗೆ ಒಂದು ಫೋಟೋ

ದಿನಾ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುವಂಥದ್ದು. ಔಷಧಿ ಶುರು ಮಾಡುವ ದಿನ ಒಂದು ಫೋಟೋ ತೆಗೆಸಿ. ಒಣಗಿದ ಕೂದಲು, ಎಣ್ಣೆ ಬೇಡ, ಬೈತಲೆ ನಟ್ಟನಡುವೆ, ಒಂದೇ ಕಿಟಕಿಯ ಮುಂದೆ, ಒಂದೇ ಹೊತ್ತಿನಲ್ಲಿ, ಫ್ಲ್ಯಾಶ್ ಇಲ್ಲದೆ. ಮೂರು ತಿಂಗಳಿಗೊಮ್ಮೆ ಅದೇ ರೀತಿ. ಒದ್ದೆ ಕೂದಲಿನ ಫೋಟೋದಲ್ಲಿ ಯಾರ ಬೈತಲೆಯೂ ಭಯಂಕರವಾಗಿಯೇ ಕಾಣುತ್ತದೆ.

ಹಂತ 4: ಮಿನಾಕ್ಸಿಡಿಲ್, ಹಚ್ಚುವ ಕ್ರಮ

ತೆಳ್ಳಗಾಗುವ ಬೈತಲೆಗೆ ಗಟ್ಟಿ ಪುರಾವೆ ಇರುವ, ಮೊದಲು ಕೊಡುವ ಔಷಧಿ ಇದು. ಮೂಲದಲ್ಲಿ ರಕ್ತದೊತ್ತಡದ ಮಾತ್ರೆ. ತೆಗೆದುಕೊಂಡವರಿಗೆ ಮೈಮೇಲೆಲ್ಲ ಕೂದಲು ಬಂದಾಗ ತಲೆಗೆ ಹಚ್ಚುವ ದ್ರವವಾಯಿತು. ಇದು ಹಾರ್ಮೋನು ಅಲ್ಲ. ಕೂದಲನ್ನು ಬೆಳೆಯುವ ಹಂತಕ್ಕೆ ಬೇಗ ತಂದು ಅಲ್ಲೇ ಹೆಚ್ಚು ದಿನ ಇಡುತ್ತದೆ.

ಹೆಂಗಸರಿಗೆ ಎರಡು ಆಯ್ಕೆ. 2 ಶೇಕಡಾ ದ್ರವ ದಿನಕ್ಕೆ ಎರಡು ಸಲ, ಸಲಕ್ಕೆ 1 ಎಂಎಲ್. ಇಲ್ಲವೇ 5 ಶೇಕಡಾ ದಿನಕ್ಕೆ ಒಂದೇ ಸಲ. ಫಲ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ತೋಟ, ಅಡುಗೆ, ದನದ ಕೊಟ್ಟಿಗೆ ಅಂತ ಓಡುವವರಿಗೆ ಒಂದು ಸಲದ್ದೇ ಸಲೀಸು. 5 ಶೇಕಡಾ ಡಬ್ಬಿಯ ಮೇಲೆ ಹೆಚ್ಚಾಗಿ "ಪುರುಷರಿಗೆ" ಅಂತ ಇರುತ್ತದೆ. ನೋಡಿ ಗಾಬರಿಯಾಗಬೇಡಿ, ವೈದ್ಯರು ಹೆಂಗಸರಿಗೂ ಬರೆಯುತ್ತಾರೆ. ಗಾಬರಿಯಾಗಬೇಕಾದ್ದು ಬೇರೆ ಕಡೆ. ಅದೇ ಸಾಲಿನಲ್ಲಿ ಮಿನಾಕ್ಸಿಡಿಲ್ ಜೊತೆ ಗಂಡು ಹಾರ್ಮೋನಿನ ಕೆಲಸ ತಗ್ಗಿಸುವ ಫಿನಾಸ್ಟರೈಡ್ ಸೇರಿಸಿದ ಬಾಟಲಿಗಳೂ ಇರುತ್ತವೆ, ಹೆಸರು ಒಂದೇ ತರಹ. ಅವು ಗಂಡಸರಿಗೆ ಮಾಡಿದವು. ಚೀಟಿಯಲ್ಲಿ ಬರೆದಿಲ್ಲದಿದ್ದರೆ ಮುಟ್ಟಬೇಡಿ. ಮುಟ್ಟು ಆಗುತ್ತಿರುವವರು ಅದರ ಹತ್ತಿರವೂ ಹೋಗಬಾರದು, ಬಸಿರಾದರೆ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ. 48ಕ್ಕೆ ಬಸಿರು ಎಲ್ಲಿ ಅನ್ನಬೇಡಿ, ಮುಟ್ಟು ಏರುಪೇರಾಗಿರುವ ತನಕ ಸಾಧ್ಯತೆ ಇದ್ದೇ ಇದೆ. ಬಸಿರಲ್ಲಿ ಬರೀ ಮಿನಾಕ್ಸಿಡಿಲ್ ಕೂಡ ಬೇಡ.

ಹಚ್ಚುವುದು ಹೀಗೆ:

1. ತಲೆ ಪೂರ್ತಿ ಒಣಗಿರಲಿ. ಮಳೆಗಾಲದಲ್ಲಿ ನಮ್ಮ ಕೂದಲು ಸಂಜೆಯಾದರೂ ತಣ್ಣಗೇ ಇರುತ್ತದೆ, ಅಲ್ವಾ? ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿ ಬುಡ ಒಣಗಿಸಿಕೊಳ್ಳಿ. ಒಲೆಯ ಮುಂದೆ ಕೂತು ಒಣಗಿಸುವುದು ಹಳೆಯ ರೂಢಿ, ಬುಡ ಒಣಗಿದರೆ ಸರಿ. ಆದರೆ ಔಷಧಿ ಹಚ್ಚಿದ ಮೇಲೆ ಒಲೆಯ ಹತ್ತಿರ ಹೋಗಬೇಡಿ, ಈ ದ್ರವದಲ್ಲಿ ಸ್ಪಿರಿಟ್ ಇರುತ್ತದೆ.
2. ಎಣ್ಣೆಯ ಮೇಲೆ ಹಚ್ಚಿದರೆ ಬುಡ ತಲುಪುವುದಿಲ್ಲ. ಕೊಬ್ಬರಿ ಎಣ್ಣೆ ಬಿಡಲಾಗದವರು ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಾಕಿ ತೊಳೆದುಬಿಡಿ.
3. ಡ್ರಾಪರಿನಲ್ಲಿ 1 ಎಂಎಲ್ ಗೆರೆಯ ತನಕ ಎಳೆಯಿರಿ. ಬೈತಲೆ ತೆಗೆದು ಚರ್ಮದ ಮೇಲೆ ಹನಿಹನಿಯಾಗಿ ಬಿಡಿ, ಅರ್ಧ ಇಂಚು ಆಚೆ ಇನ್ನೊಂದು ಬೈತಲೆ, ಈಚೆ ಇನ್ನೊಂದು. ಕೂದಲಿಗೆ ಬಿದ್ದದ್ದು ವ್ಯರ್ಥ.
4. ಬೆರಳಲ್ಲಿ ಮೆಲ್ಲಗೆ ಹರಡಿ, ಕೈ ಸೋಪು ಹಾಕಿ ತೊಳೆಯಿರಿ. ನಾಲ್ಕು ಗಂಟೆ ತಲೆಗೆ ನೀರು ಬೇಡ.
5. ಮಲಗುವುದಕ್ಕೆ ಎರಡು ಗಂಟೆ ಮುಂಚೆಯೇ ಹಚ್ಚಿ. ಹಸಿಯಾಗಿ ಮಲಗಿದರೆ ದಿಂಬಿಗೆ, ದಿಂಬಿನಿಂದ ಕೆನ್ನೆಗೆ. ಕೆನ್ನೆ, ಹಣೆಯಲ್ಲಿ ಕೂದಲು ಬರುವುದಕ್ಕೆ ಇದೂ ಒಂದು ಕಾರಣ.

60 ಎಂಎಲ್ ಬಾಟಲಿ ದಿನಕ್ಕೆ 1 ಎಂಎಲ್‌ನಂತೆ ಎರಡು ತಿಂಗಳು ಬರಬೇಕು. ನಾಲ್ಕು ತಿಂಗಳು ಬಂತು ಅಂತ ಖುಷಿಯಿಂದ ಹೇಳುವವರಿದ್ದಾರೆ. ಅವರು ಉಳಿಸಿದ್ದಲ್ಲ, ಅರ್ಧ ಹಚ್ಚಿದ್ದು. ಒಂದು ದಿನ ಮರೆತರೆ ಮರುದಿನ ಎರಡು ಪಾಲು ಹಚ್ಚಬೇಡಿ. ಚರ್ಮ ಕೆಂಪಾಗಿ ತುರಿಸಿದರೆ ಹೆಚ್ಚಾಗಿ ತಪ್ಪು ಅದರಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಅನ್ನುವ ದ್ರಾವಕದ್ದು. ಅದಿಲ್ಲದ ನೊರೆ ರೂಪದ ಔಷಧಿ ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಬಾಟಲಿ, ದಿಂಬು ಎರಡರಿಂದಲೂ ಅದನ್ನು ದೂರ ಇಡಿ. ಸ್ವಲ್ಪ ನೆಕ್ಕಿದರೂ ಬೆಕ್ಕಿಗೆ ಇದು ವಿಷ.

ಹಂತ 5: ಎರಡನೇ ತಿಂಗಳನ್ನು ದಾಟುವುದು

ನನ್ನ ಗಿರಾಕಿಗಳು ಬಾಟಲಿ ಎಸೆಯುವುದು ಇಲ್ಲೇ. ಶುರು ಮಾಡಿ ಎರಡರಿಂದ ಎಂಟು ವಾರದೊಳಗೆ ಕೆಲವರಿಗೆ ಕೂದಲು ಮೊದಲಿಗಿಂತ ಜಾಸ್ತಿ ಉದುರುತ್ತದೆ. ಸುಮ್ಮನೆ ಕೂತಿದ್ದ ಹಳೆಯ ಕೂದಲನ್ನು ಹೊಸದು ಒಳಗಿನಿಂದ ತಳ್ಳುತ್ತಿರುತ್ತದೆ. ಇದು ತಾತ್ಕಾಲಿಕ. ನಾಪೋಕ್ಲು ಅಕ್ಕ ಆರನೇ ವಾರಕ್ಕೆ ಒಂದು ಕವರಿನಲ್ಲಿ ಉದುರಿದ ಕೂದಲು ತುಂಬಿಸಿಕೊಂಡು ಬಂದು, "ಇದು ನಿಮ್ಮ ಔಷಧಿ ಮಾಡಿದ ಕೆಲಸ" ಅಂದರು. ಕವರು ಕೌಂಟರ್ ಮೇಲೇ ಇಟ್ಟು ಹೋದರು. ಇನ್ನೊಂದು ತಿಂಗಳು ತಡೆಯಿರಿ ಅಂತ ಫೋನಿನಲ್ಲಿ ಒಪ್ಪಿಸಬೇಕಾಯಿತು. ಮೂರನೇ ತಿಂಗಳು ಮುಗಿದ ಮೇಲೂ ಹಾಗೇ ಉದುರುತ್ತಿದ್ದರೆ ಮಾತ್ರ ವೈದ್ಯರಿಗೆ ತೋರಿಸಿ.

ನಾಲ್ಕನೇ ತಿಂಗಳಿಗೆ ಬೈತಲೆಯ ಅಂಚಿನಲ್ಲಿ ಗಿಡ್ಡ ಕೂದಲುಗಳು ನಿಂತಿರುವುದು ಕಾಣಬಹುದು. ಲೆಕ್ಕ ಹಾಕುವುದು ಆರನೇ ತಿಂಗಳಿಗೆ, ಪೂರ್ತಿ ಫಲ ಒಂದು ವರ್ಷಕ್ಕೆ. ಅಕ್ಕನ ಆರನೇ ತಿಂಗಳ ಫೋಟೋದಲ್ಲಿ ಪಟ್ಟಿ ಕಿರಿದಾಗಿತ್ತು, ಆದರೆ 30ರ ವಯಸ್ಸಿನ ಬೈತಲೆ ಆಗಿರಲಿಲ್ಲ. ಅಷ್ಟನ್ನೇ ನಿರೀಕ್ಷಿಸಿ. ಇನ್ನಷ್ಟು ಅಗಲವಾಗದೆ ಇದ್ದಷ್ಟೇ ನಿಂತರೂ ಔಷಧಿ ಕೆಲಸ ಮಾಡಿದಂತೆಯೇ. ಬಿಟ್ಟರೆ ಗಳಿಸಿದ್ದೆಲ್ಲ ಕೆಲವು ತಿಂಗಳಲ್ಲಿ ಹೋಗುತ್ತದೆ. ದೀರ್ಘಕಾಲ ಹಚ್ಚಲು ಮನಸ್ಸಿಲ್ಲದಿದ್ದರೆ ಶುರು ಮಾಡುವ ಮುಂಚೆಯೇ ಯೋಚಿಸಿ.

ಹಂತ 6: ಸಾಲದಿದ್ದರೆ, ಮಾತ್ರೆಗಳು

ಇವು ವೈದ್ಯರ ಚೀಟಿ ಇಲ್ಲದೆ ಬೇಡವೇ ಬೇಡ.

ಅದೇ ಮಿನಾಕ್ಸಿಡಿಲ್‌ನ ಮಾತ್ರೆಯನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಈಗ ಹೆಚ್ಚಾಗಿ ಬರೆಯುತ್ತಿದ್ದಾರೆ. ಹೆಂಗಸರಿಗೆ ಸಾಮಾನ್ಯವಾಗಿ ದಿನಕ್ಕೆ 0.25ರಿಂದ 2.5 ಮಿಲಿಗ್ರಾಂ ತನಕ. ಹಚ್ಚುವ ತಾಪತ್ರಯ ಇಲ್ಲ. ಆದರೆ ಮುಖ, ಕೈಯಲ್ಲಿ ಕೂದಲು ಬರುವುದು ಹಚ್ಚುವುದಕ್ಕಿಂತ ಜಾಸ್ತಿ. ಕಾಲು ಊದಿಕೊಂಡರೆ, ಎದೆ ಡವಡವ ಹೊಡೆದುಕೊಂಡರೆ, ಎದ್ದಾಗ ತಲೆ ಸುತ್ತಿದರೆ ತಕ್ಷಣ ಹೇಳಿ. ಹೃದಯದ ತೊಂದರೆ ಇರುವವರು ಮೊದಲೇ ಹೇಳಿ. ಸ್ಟ್ರಿಪ್ ಮೇಲಿನ ಅಂಕಿಯನ್ನು ಮನೆಗೆ ಒಯ್ಯುವ ಮುಂಚೆ ಓದಿ, 2.5 ಮತ್ತು 5 ಅದಲುಬದಲಾಗುವುದು ಸುಲಭ.

ಎರಡನೆಯದು ಸ್ಪೈರನೊಲ್ಯಾಕ್ಟೋನ್, ಗಂಡು ಹಾರ್ಮೋನಿನ ಕೆಲಸ ತಡೆಯುವ ಮಾತ್ರೆ. ಇದು ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳೂ ಅದನ್ನೇ ಮಾಡುತ್ತವೆ. ಎರಡೂ ಸೇರಿದರೆ, ಅದರಲ್ಲೂ ಕಿಡ್ನಿ ಸೋತವರಿಗೆ, ಹೃದಯದ ಬಡಿತಕ್ಕೇ ಅಪಾಯ. ನಾಪೋಕ್ಲು ಅಕ್ಕನಿಗೆ ಟೆಲ್ಮಿಸಾರ್ಟನ್ ನಡೆಯುತ್ತಿದ್ದರಿಂದ ವೈದ್ಯರು ಈ ಮಾತ್ರೆಯ ತಂಟೆಗೆ ಹೋಗಲಿಲ್ಲ. ಚರ್ಮರೋಗ ವೈದ್ಯರಲ್ಲಿಗೆ ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಯ ಸ್ಟ್ರಿಪ್ಪನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಕೂದಲಿನ ಡಾಕ್ಟರಿಗೆ ಬಿಪಿ ಮಾತ್ರೆ ಯಾಕೆ ಅನ್ನಬೇಡಿ.

ಉಳಿದವು, ಚುಟುಕಾಗಿ

ಹಾರ್ಮೋನು ಚಿಕಿತ್ಸೆಯನ್ನು, ಅಂದರೆ ಎಚ್‌ಆರ್‌ಟಿಯನ್ನು, ಬರೀ ಕೂದಲಿಗೆಂದು ಕೊಡುವುದಿಲ್ಲ. ಮೈ ಬಿಸಿ ಏರುವುದು, ನಿದ್ದೆ ಕೆಡುವುದು ಇತ್ಯಾದಿಗೆ ಬೇಕಾಗಿ ತೆಗೆದುಕೊಂಡಾಗ ಕೂದಲಿಗೂ ಸ್ವಲ್ಪ ಅನುಕೂಲ ಆಗಬಹುದು, ಆಗದೆಯೂ ಇರಬಹುದು. ಅದರಲ್ಲಿ ನಾರ್ಎಥಿಸ್ಟರೋನ್, ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನುಗಳಿದ್ದರೆ ಕೆಲವರಿಗೆ ಕೂದಲು ಇನ್ನೂ ತೆಳ್ಳಗಾಗುತ್ತದೆ. ಬೈತಲೆಯ ಸಮಸ್ಯೆ ಇದೆ ಅಂತ ಸ್ತ್ರೀರೋಗ ತಜ್ಞರಿಗೆ ಮೊದಲೇ ಹೇಳಿ.

ನಿಮ್ಮದೇ ರಕ್ತ ತೆಗೆದು ತಲೆಗೆ ಚುಚ್ಚುವ ಪಿಆರ್‌ಪಿ ಕೆಲವರಿಗೆ ಉಪಯೋಗ ಆಗುತ್ತದೆ. ತಿಂಗಳಿಗೊಂದರಂತೆ ಮೂರು ಸಲ, ಆಮೇಲೂ ಆಗಾಗ ಬೇಕು. ಮಾಡುವ ವಿಧಾನ ಒಂದೊಂದು ಕ್ಲಿನಿಕ್ಕಿನಲ್ಲಿ ಒಂದೊಂದು, ಹಾಗಾಗಿ ಫಲವೂ. ಮೈಸೂರಿಗೆ ಹೋಗಿಬರುವ ಖರ್ಚೂ ಸೇರಿಸಿ ಲೆಕ್ಕ ಹಾಕಿ. ನನ್ನನ್ನು ಕೇಳಿದರೆ ಒಂದು ವರ್ಷ ಮಿನಾಕ್ಸಿಡಿಲ್ ಸರಿಯಾಗಿ ಹಚ್ಚಿದ ಮೇಲೆ ಇದರ ಮಾತು. ಕೂದಲು ನೆಡಿಸುವುದಕ್ಕೆ ಹಿಂಭಾಗದ ಕೂದಲು ದಟ್ಟವಾಗಿರಬೇಕು, ಎಷ್ಟೋ ಹೆಂಗಸರಿಗೆ ಅದೇ ಇರುವುದಿಲ್ಲ.

ದಾಸವಾಳದ ಸೊಪ್ಪಿನ ಲೋಳೆ, ಕರಿಬೇವಿನ ಎಣ್ಣೆ? ಕೂದಲು ನುಣುಪಾಗುತ್ತದೆ, ಸಿಕ್ಕು ಬಿಡುತ್ತದೆ. ಖಂಡಿತ ಹಾಕಿ. ಕುಗ್ಗಿದ ಬುಡವನ್ನು ದಪ್ಪ ಮಾಡುವ ಕೆಲಸ ಅವುಗಳದ್ದಲ್ಲ.

ಔಷಧಿ ಕೆಲಸ ಮಾಡುವ ತನಕದ ಆರು ತಿಂಗಳಿಗೆ ಒಂದು ಉಪಾಯ. ಬೈತಲೆಯನ್ನು ನಡುವಿನಿಂದ ಪಕ್ಕಕ್ಕೆ ಸರಿಸಿ, ನೇರ ಗೆರೆಯ ಬದಲು ಸೊಟ್ಟಗೆ ತೆಗೆಯಿರಿ. ಮದುವೆ, ಪುತ್ತರಿ ಅಂತ ಎಲ್ಲಿಗಾದರೂ ಹೋಗುವಾಗ ಕೂದಲ ಬಣ್ಣದ ನಾರಿನ ಪುಡಿ ಉದುರಿಸಿಕೊಂಡರೆ ಬಿಳಿ ಪಟ್ಟಿ ಮುಚ್ಚುತ್ತದೆ. ಅದು ಪುತ್ತರಿಗೆ ಸರಿ, ಜುಲೈಗೆ ಅಲ್ಲ. ನಮ್ಮ ಮಳೆಯಲ್ಲಿ ಹಣೆಯ ಮೇಲೆ ಕಪ್ಪು ನೀರು ಇಳಿಯುತ್ತದೆ.